ಕಾಡು ದಾಟಿದ ಬಸ್ಸು ಪರದೆಗೆ ಬರದ ದಿನ

ನವೆಂಬರ್ 3, ಸೋಮವಾರ, ಬೆಳಿಗ್ಗೆ 9.10. ಸಾಗರದ ಜೆರಾಕ್ಸ್ ಅಂಗಡಿಯೊಂದರ ಮೇಲಿರುವ ನಮ್ಮ ಕಚೇರಿಯಲ್ಲಿ, ನಾನು ಅಕ್ಕ ಎಂದು ಕರೆಯುವ ಹಿರಿಯ ಸಹೋದ್ಯೋಗಿ ನನ್ನ ಮುಂದೆ ಒಂದು ಹಾಳೆ ಇಟ್ಟರು. ಮುಂದಿನ ನಾಲ್ಕು ವಾರ ನಾನು ಏನು ಕಲಿಯಬೇಕು ಎಂಬುದು ಅದರಲ್ಲಿತ್ತು.

ಸಾಗರ, ಹೊಸನಗರ, ತೀರ್ಥಹಳ್ಳಿ ನಡುವೆ ಓಡುವ ಖಾಸಗಿ ಬಸ್ಸುಗಳ ಕಂಡಕ್ಟರುಗಳ ಕೈಯಲ್ಲಿ ಟಿಕೆಟ್ ಮಷಿನ್ ಇರುತ್ತದೆ. ಆ ಮಷಿನುಗಳು ಮಾತಾಡುವ ಸರ್ವರ್ ನೋಡಿಕೊಳ್ಳುವುದು ನಮ್ಮ ಕೆಲಸ. ಏನಾದರೂ ಕೆಟ್ಟರೆ ಒಂದು ಫೋನ್ ಕೂಗುತ್ತದೆ. ಅದನ್ನು ಹಿಡಿಯುವ ಸರದಿಯಲ್ಲಿ ಇದ್ದವರು ಇಬ್ಬರೇ, ಅಕ್ಕ ಮತ್ತು ನಮ್ಮ ಸರ್, ವಾರಕ್ಕೊಬ್ಬರಂತೆ. ಅಕ್ಕನಿಗೆ ಆಗ ಏಳು ತಿಂಗಳು. ಹೆರಿಗೆಗೆ ಮೇಳಿಗೆ ಎಂಬ ಊರಿನ ಹತ್ತಿರದ ತವರಿಗೆ ಹೋಗಬೇಕು. ಅಲ್ಲಿ ಸಿಗ್ನಲ್ ಸಿಗಬೇಕಾದರೆ ಅಂಗಳದ ಮೂಲೆಗೆ ಹೋಗಿ ನಿಲ್ಲಬೇಕು. ಸರದಿಯ ಫೋನ್ ಅಲ್ಲಿಗೆ ಒಯ್ಯುವಂತಿಲ್ಲ. ತಿಂಗಳ ಕೊನೆಗೆ ನಾನು ತಯಾರಾದರೆ ಅವರು ಹೊರಡಬಹುದು. ಆಗದಿದ್ದರೆ ಸರ್ ಒಬ್ಬರ ಮೇಲೆ ಎಲ್ಲ ಬಿಟ್ಟು ಹೋಗುವುದಿಲ್ಲ ಎಂದು ಅಕ್ಕ ಮೊದಲೇ ಹೇಳಿಬಿಟ್ಟಿದ್ದರು.

ಮೊದಲ ವಾರ ಏನನ್ನೂ ಮುಟ್ಟುವಂತಿರಲಿಲ್ಲ, ಎಲ್ಲವನ್ನೂ ಗೆರೆಗಳಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ನೋಡುವುದಷ್ಟೇ. ಎಷ್ಟು ಮಷಿನ್ ಸಂಪರ್ಕದಲ್ಲಿವೆ, ಟಿಕೆಟ್, ಪಾಸಿನ ಎಷ್ಟು ಕೋರಿಕೆ ಬರುತ್ತಿವೆ, ಅವುಗಳಲ್ಲಿ ಎಷ್ಟು ವಿಫಲ, ಉತ್ತರಕ್ಕೆ ಎಷ್ಟು ಹೊತ್ತು. ಎರಡನೇ ದಿನಕ್ಕೇ ನನಗೆ ಬೇಜಾರು ಬಂತು.

"ಎಲ್ಲಾ ಸರಿಯಿದೆ ಅಕ್ಕಾ. ಎಂತ ನೋಡ್ಲಿ?"

"ಸರಿ ಇದ್ದಾಗ ಹೆಂಗಿರ್ತದೆ ಅಂತ ನೋಡು ಮಾರಾಯ್ತಿ. ಕೆಟ್ಟಿದ್ದು ಆಮೇಲೆ ತಾನಾಗೇ ಕಾಣ್ತದೆ."

ಹಾಗೆ ನೋಡುತ್ತಾ ಒಂದು ಗೆರೆಯ ಪರಿಚಯವಾಯಿತು. ಹೊಸನಗರ ದಾಟಿ ಮಾಸ್ತಿಕಟ್ಟೆ ಮಾರ್ಗವಾಗಿ ತೀರ್ಥಹಳ್ಳಿಗೆ ಹೋಗುವ ಬಸ್ಸುಗಳು ಬೆಳಿಗ್ಗೆ ಕಾಡಿಗೆ ಇಳಿದಾಗ ಸಿಗ್ನಲ್ ಹೋಗುತ್ತದೆ. ಸಂಪರ್ಕದಲ್ಲಿರುವ ಮಷಿನುಗಳ ಗೆರೆ ತಗ್ಗುತ್ತದೆ. ಬಸ್ಸು ಆಚೆ ಬಂದ ಕೂಡಲೇ ಮಷಿನುಗಳು ಕೂಡಿಟ್ಟುಕೊಂಡ ಟಿಕೆಟ್‌ಗಳನ್ನೆಲ್ಲ ಒಟ್ಟಿಗೆ ಕಳಿಸುತ್ತವೆ, ಕೋರಿಕೆಗಳ ಗೆರೆ ದಿಬ್ಬದಂತೆ ಏಳುತ್ತದೆ. ಕಚೇರಿಯಲ್ಲಿ ಇದಕ್ಕೆ ಘಟ್ಟದ ತಗ್ಗು ಎನ್ನುತ್ತಾರೆ. ಇದೊಂದಕ್ಕೇ ಫೋನ್ ದಿನಾ ಕೂಗಬಾರದೆಂದು, ತಗ್ಗು ನಲವತ್ತು ನಿಮಿಷ ಮೀರಿದರೆ ಮಾತ್ರ ಅಲರ್ಟ್ ಬರುವಂತೆ ಅಕ್ಕನೇ ಮಾಡಿದ್ದರು.

ಎರಡನೇ ವಾರ ಲಾಗ್, ಅಂದರೆ ಸರ್ವರ್ ತಾನು ಮಾಡಿದ್ದನ್ನೆಲ್ಲ ಹೊತ್ತಿನ ಸಮೇತ ಬರೆದಿಡುವ ದಾಖಲೆ. ಒಂದೇ ಟಿಕೆಟ್ಟಿನ ಗುರುತಿನ ಸಂಖ್ಯೆ ಹಿಡಿದುಕೊಂಡು, ಅದು ಸರ್ವರಿನ ಹೊರಬಾಗಿಲಾದ ಗೇಟ್‌ವೇಗೆ ಬಂದು, ಒಳಗಿನ ಪ್ರೋಗ್ರಾಮಿಗೆ ಹೋಗಿ, ಡೇಟಾಬೇಸಿನಲ್ಲಿ ಕೂರುವ ತನಕ ಬೆನ್ನಟ್ಟುವುದು. ಮೊದಲ ದಿನ ಅರ್ಧ ಗಂಟೆ ಹುಡುಕಿದರೂ ನನಗೆ ಏನೂ ಸಿಗಲಿಲ್ಲ. ಅಕ್ಕ ಕಿತ್ತಳೆ ಸುಲಿಯುತ್ತಾ, "ಲಾಗಿನ ಗಡಿಯಾರ ಗ್ರೀನ್‌ವಿಚ್ ಸಮಯದ್ದು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ನೀನು ಮಧ್ಯಾಹ್ನದ ಬಸ್ಸಲ್ಲಿ ಬೆಳಿಗ್ಗೆಯೋರನ್ನ ಹುಡುಕ್ತಿದೀಯ" ಎಂದು ಅರ್ಧ ಹಣ್ಣು ನನ್ನ ಕಡೆ ತಳ್ಳಿದರು.

ಮೂರನೇ ವಾರ ಹಳೆಯ ತೊಂದರೆಗಳ ಗೆರೆಗಳನ್ನು ತೋರಿಸಿ ಕಾರಣ ಕೇಳಿದರು. ಒಂಬತ್ತರಲ್ಲಿ ಐದಕ್ಕೆ ಸರಿ ಹೇಳಿದೆ. ಅದೇ ಸಂಜೆ ಅವರ ಅಮ್ಮನ ಫೋನ್ ಬಂತು. "ಬತ್ತೆ ಅಮ್ಮ. ಈ ಹುಡ್ಗಿಗೆ ಇನ್ನೊಂದು ವಾರ ಇದ್ದು" ಎಂದು ಮನೆಮಾತಿನಲ್ಲಿ ಹೇಳಿದರು. ತಪ್ಪಿದ ನಾಲ್ಕು ಗೆರೆಗಳನ್ನು ಆ ರಾತ್ರಿ ಮತ್ತೆ ನೋಡುತ್ತಾ ಕೂತೆ.

ನಾಲ್ಕನೇ ವಾರ ಫೋನ್ ನನ್ನ ಕೈಗೆ ಬಂತು. ಅಕ್ಕ ಪಕ್ಕದಲ್ಲೇ ಕೂರುತ್ತಾರೆ, ಆದರೆ ನಾನು ಕೇಳದ ಹೊರತು ಮಾತಾಡುವಂತಿಲ್ಲ. ಇದೂ ಹಾಳೆಯಲ್ಲಿದ್ದ ನಿಯಮ. ಬುಧವಾರದವರೆಗೆ ಎಲ್ಲ ನೆಟ್ಟಗಿತ್ತು.

ಗುರುವಾರ ಬೆಳಿಗ್ಗೆ ಗೆರೆ ತಗ್ಗಿತು, ಎಂದಿನ ಹೊತ್ತಿಗೆ, ಎಂದಿನಷ್ಟೇ. ವಿಫಲವಾದ ಕೋರಿಕೆ ಸೊನ್ನೆ. ನಲವತ್ತು ನಿಮಿಷ ಇನ್ನೂ ಆಗಿರಲಿಲ್ಲ, ಫೋನ್ ಸುಮ್ಮನಿತ್ತು. ಆದರೆ ದಿಬ್ಬ ಏಳುವ ಹೊತ್ತಿಗೆ ಗೆರೆ ಏಳಲಿಲ್ಲ. ಸಾಗರದೊಳಗಿನ ಮಷಿನುಗಳು ಮಾಮೂಲಿನಂತೆ ಮಾತಾಡುತ್ತಿದ್ದವು. ಬಸ್ಸು ತಡವಾಗಿರಬಹುದು. ಈ ಹುಡುಗಿ ಘಟ್ಟದ ತಗ್ಗು ಗೊತ್ತಿಲ್ಲದೆ ಗಾಬರಿಯಾದಳು ಎಂದಾದರೆ ಅಕ್ಕನ ಪ್ರಯಾಣ ಮುಂದಕ್ಕೆ ಹೋಗುತ್ತದೆ. ಪಕ್ಕಕ್ಕೆ ನೋಡಿದೆ. ಅವರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಪರದೆ ನೋಡುತ್ತಿದ್ದರು. ಮುಖದಲ್ಲಿ ಏನೂ ಇರಲಿಲ್ಲ.

ಅವರನ್ನು ಕೇಳಲಿಲ್ಲ. ಆ ಮಾರ್ಗದ ಕಂಡಕ್ಟರಿಗೆ ಫೋನ್ ಮಾಡಿದೆ.

"ಬಸ್ಸು ಕಾಡಲ್ಲೇ ಇದ್ಯಾ ಅಣ್ಣಾ?"

"ಎಂತ ಕಾಡು? ಅದನ್ನ ದಾಟಿ ಟೀ ಕುಡ್ದಾಯ್ತು. ನಿಮ್ಮ ಡಬ್ಬ ಮಾತ್ರ ಇನ್ನೂ ಕಾಡಲ್ಲಿದೆ. ಕಾಲೇಜು ಮಕ್ಕಳ ಪಾಸ್ ಹಿಡಿದ್ರೆ ಸುಮ್ನೆ ತಿರುಗ್ತಾ ಇರ್ತದೆ. ಮುಖ ನೋಡಿ ಹತ್ತಿಸ್ಕೊಂಡು ಬಂದೆ."

"ಸರ್‌ಗೆ ಹೇಳ್ತೀನಿ. ಇದು ಘಟ್ಟದ್ದಲ್ಲ" ಎಂದು ಅಕ್ಕನಿಗೆ ಹೇಳಿ, ತೊಂದರೆ ಶುರುವಾಗಿದೆ ಎಂದು ಸರ್‌ಗೆ ಸಂದೇಶ ಹಾಕಿದೆ. ಅಕ್ಕ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

ಬಸ್ಸು ಕಾಡಿಗೆ ಇಳಿದ ಮೇಲೆ ಒಳಗಿನ ಪ್ರೋಗ್ರಾಮಿನ ಲಾಗಿನಲ್ಲಿ ಆ ಮಷಿನಿನ ಹೆಸರೇ ಇರಲಿಲ್ಲ. ಅಂದರೆ ಅದರ ಕೋರಿಕೆ ಅಲ್ಲಿಯವರೆಗೆ ಬಂದೇ ಇಲ್ಲ. ಬಾರದ್ದು ವಿಫಲವಾಗುವುದಾದರೂ ಹೇಗೆ? ಅದಕ್ಕೇ ಆ ಸೊನ್ನೆ. ಗೇಟ್‌ವೇ ಲಾಗ್ ತೆರೆದೆ. ಮಷಿನುಗಳು ಬಂದು ಬಾಗಿಲಲ್ಲೇ ಸಂಪರ್ಕ ಕಡಿದುಕೊಂಡು ಹೋಗುತ್ತಿದ್ದವು. ಪ್ರತಿ ಸಾಲಿನಲ್ಲೂ ಒಂದೇ ದೂರು, ಸರ್ಟಿಫಿಕೇಟಿನ ಅವಧಿ ಮುಗಿದಿದೆ.

ಅದು ಸರ್ವರಿನ ಗುರುತಿನ ಚೀಟಿ. ಅವಧಿ ಮುಗಿದರೆ ಮಷಿನ್ ಒಪ್ಪುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಇನ್ನೂ ಎರಡು ತಿಂಗಳು ಬಾಕಿ ಎಂದಿತ್ತು. ಹೊರಗಿನಿಂದ ನಾನೇ ಸಂಪರ್ಕಿಸಿ ನೋಡಿದೆ, ಬೆಳಿಗ್ಗೆಯೇ ಮುಗಿದಿತ್ತು. ಹೊಸದು ತಾನಾಗಿ ಬಂದು ಡಿಸ್ಕಿನಲ್ಲಿ ಕೂತಿತ್ತು, ಡ್ಯಾಶ್‌ಬೋರ್ಡ್ ಅದನ್ನೇ ಓದುತ್ತಿತ್ತು. ಗೇಟ್‌ವೇ ಅದನ್ನು ಮತ್ತೆ ಓದಿಕೊಳ್ಳದೆ ಹಳೆಯದನ್ನೇ ತೋರಿಸುತ್ತಿತ್ತು. ಮೊದಲೇ ಸಂಪರ್ಕದಲ್ಲಿದ್ದ ಊರೊಳಗಿನ ಮಷಿನುಗಳಿಗೆ ಏನೂ ಆಗಲಿಲ್ಲ. ಕಾಡಿನಲ್ಲಿ ಸಂಪರ್ಕ ಕಳೆದುಕೊಂಡವು ಮಾತ್ರ ಮತ್ತೆ ಒಳಗೆ ಬರಲಾಗದೆ ನಿಂತಿದ್ದವು.

"ಗೇಟ್‌ವೇ ರೀಲೋಡ್ ಮಾಡ್ಲಾ ಅಕ್ಕಾ?"

"ಮಾಡು."

ಒಂದೊಂದಾಗಿ ಮಷಿನುಗಳು ಬಂದವು. ದಿಬ್ಬ ಎದ್ದಿತು. ಕೂಡಿಟ್ಟ ಟಿಕೆಟ್‌ಗಳಲ್ಲಿ ಒಂದೂ ಕಳೆಯಲಿಲ್ಲ. ಆಗ ಅಕ್ಕ ಒಂದು ಮಾತು ಹೇಳಿದರು. ಅದನ್ನು ಆ ರಾತ್ರಿ ದಿನಚರಿಯಲ್ಲಿ ಹಾಗೇ ಬರೆದುಕೊಂಡೆ.

"ನಾನು ನಿಯಮ ಅಂತ ಸುಮ್ನೆ ಕೂತಿದ್ದಲ್ಲ ಕಣೇ. ನನಗೂ ಘಟ್ಟ ಅಂತ್ಲೇ ಅನ್ಸಿತ್ತು. ಮೂರು ವರ್ಷದಿಂದ ನೋಡಿ ನೋಡಿ ಕಣ್ಣು ಅದನ್ನ ದಾಟಿ ಹೋಗಿಬಿಡ್ತದೆ."

"ಹಾಗಾದ್ರೆ ಇನ್ನೆರಡು ವಾರ ಇರ್ತೀರಾ?" ಎಂದು ಕೇಳಿದೆ.

"ಎಂತಕ್ಕೆ? ನಿಂಗೆ ಕಾವಲಿಗಾ?" ಎಂದು ನಕ್ಕರು. ಅಲ್ಲೇ ತವರಿನ ಅಣ್ಣನಿಗೆ ಫೋನ್ ಮಾಡಿ, ಭಾನುವಾರ ಕಾರು ತರಲು ಹೇಳಿದರು.

ಅವರು ಹೊರಟ ಮೇಲೆ ಸರದಿಯ ಪಟ್ಟಿಯಲ್ಲಿ ಸರ್ ಹೆಸರಿನ ಕೆಳಗೆ ನನ್ನ ಹೆಸರು ಬಂತು. ಸರ್ಟಿಫಿಕೇಟ್ ಬಂದ ಕೂಡಲೇ ಗೇಟ್‌ವೇ ರೀಲೋಡ್ ಆಗುವಂತೆ ಮಾಡಿದ್ದೇವೆ. ಬಾಕಿ ದಿನಗಳನ್ನು ಈಗ ಹೊರಗಿನಿಂದಲೇ ನೋಡುತ್ತೇವೆ. ನಲವತ್ತು ನಿಮಿಷದ ನಿಯಮ ಮಾತ್ರ ನನ್ನನ್ನು ಬಿಟ್ಟಿಲ್ಲ. ಪ್ರತಿ ಬಸ್ಸನ್ನೂ ಅದರದೇ ಎಂದಿನ ಹೊತ್ತಿನ ಜೊತೆ ಹೋಲಿಸುವಂತೆ ಮಾಡಿದೆ. ಹಬ್ಬದ ದಿನ ಬಸ್ಸು ತಡವಾದರೆ ಫೋನ್ ಸುಳ್ಳೇ ಕೂಗುತ್ತದೆ. ಸಡಿಲ ಬಿಟ್ಟರೆ ಮತ್ತೆ ಹಳೆಯ ಕಥೆ. ಸಿಗ್ನಲ್ ಹೋಗಿ ಬರುವ ಊರುಗಳಲ್ಲಿ ಇಂಥ ಮಷಿನುಗಳನ್ನು ನೋಡಿಕೊಳ್ಳುವವರು ಯಾರಾದರೂ ಇದ್ದರೆ, ಕಾಡಿನ ಮೌನವನ್ನೂ ಕೆಟ್ಟ ಮೌನವನ್ನೂ ನೀವು ಹೇಗೆ ಬೇರೆ ಮಾಡುತ್ತೀರಿ ಎಂದು ದಯವಿಟ್ಟು ಬರೆದು ತಿಳಿಸಿ. ಅಕ್ಕ ಅಂಗಳದ ಮೂಲೆಗೆ ಬಂದು ಫೋನ್ ಮಾಡಿದಾಗ ಓದಿ ಹೇಳುತ್ತೇನೆ.