ಹಳೆಯ ಗುರುವಾರ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಮಾಂಬಳ್ಳಿಯ ಗದ್ದೆಗಳಲ್ಲಿ ಅವ್ವ ಕೂಲಿ ಮಾಡಿ ಓದಿಸಿದಳು; ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಓದು ಮುಗಿದ ಮೇಲೆ ಕೊಳ್ಳೇಗಾಲದ ಒಂದು ಸೇವಾ ಸಂಸ್ಥೆಯಲ್ಲಿ ಆ್ಯಪ್ ಮಾಡುವ ಕೆಲಸ ಸಿಕ್ಕಿತು.

ಆ್ಯಪ್ ಹನೂರಿನಾಚೆ ಕಾಡಂಚಿನ ಊರುಗಳಿಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರದು. ಅಲ್ಲಿ ಸಿಗ್ನಲ್ ಇಲ್ಲ. ಅದಕ್ಕೇ ಸರ್ವಿಸ್ ವರ್ಕರ್ ಎಂಬ ಸಣ್ಣ ಪ್ರೋಗ್ರಾಂ ಇಟ್ಟಿದ್ದೆವು. ಅದು ಪುಟಗಳನ್ನು ಫೋನಿನಲ್ಲೇ ಕೂಡಿಟ್ಟು, ನೆಟ್ ಇಲ್ಲದಾಗಲೂ ತೆಗೆದುಕೊಡುತ್ತದೆ. ಬಸುರಿ, ಬಾಣಂತಿಯರ ತಪಾಸಣೆಗೆ ನರ್ಸಮ್ಮನನ್ನು ಕರೆತರುವ ಜೀಪ್ ಯಾವ ದಿನ ಬರುತ್ತದೆಂಬ ಪುಟವೂ ಅದರಲ್ಲಿತ್ತು.

ಜೀಪಿನ ದಿನ ಗುರುವಾರದಿಂದ ಮಂಗಳವಾರಕ್ಕೆ ಬದಲಾಯಿತು. ಹೊಸ ಪುಟವನ್ನು ಹೊಸ ಸರ್ವಿಸ್ ವರ್ಕರ್ ಜೊತೆ ಹಾಕಿದೆವು. ನನ್ನ ಫೋನಿನಲ್ಲಿ ಸರಿಯಾಗಿಯೇ ಬಂತು.

ಆ ವಾರ ದಿನ ತುಂಬಿದ ಬಸುರಿಯೊಬ್ಬಳು ಗುರುವಾರ ಬೆಟ್ಟ ಇಳಿದು ಬಂದು, ಹುಣಸೆ ಮರದಡಿ ಸಂಜೆವರೆಗೆ ಕೂತು, ಮತ್ತೆ ಬೆಟ್ಟ ಹತ್ತಿ ಹೋದಳು. ಅವಳಿಗೆ ಬರಹೇಳಿದ್ದ ಕಾರ್ಯಕರ್ತೆ ಅಕ್ಕ ಆಫೀಸಿಗೆ ಬಂದು ತಮ್ಮ ಫೋನನ್ನು ನನ್ನ ಫೋನಿನ ಪಕ್ಕ ಇಟ್ಟರು.

"ನಿಂದ್ರಲ್ಲಿ ಮಂಗಳವಾರ, ನಂದ್ರಲ್ಲಿ ಗುರುವಾರ. ಜೀಪು ಯಾರ್ ಫೋನ್ ನೋಡ್ಕಂಡ್ ಬತ್ತದವ್ವ?"

ಹೊಸ ಸರ್ವಿಸ್ ವರ್ಕರ್ ಅವರ ಫೋನಿಗೂ ಬಂದಿಳಿದಿತ್ತು. ಆದರೆ ಹಳೆಯದರ ಕೈಯಲ್ಲಿ ಒಂದು ಪುಟ ತೆರೆದಿದ್ದರೂ ಸಾಕು, ಹೊಸದು ಕಾಯುತ್ತ ಕೂರುತ್ತದೆ. ಪುಟವನ್ನು ರಿಫ್ರೆಶ್ ಮಾಡಿದರೂ ಅಷ್ಟೆ. ಬರೆಯುತ್ತಿದ್ದ ವಿವರ ಎಲ್ಲಿ ಅಳಿಸಿಹೋಗುತ್ತದೋ ಎಂದು ಅಕ್ಕ ಆ್ಯಪನ್ನು ಮುಚ್ಚುತ್ತಲೇ ಇರಲಿಲ್ಲ.

ಹೊಸದು ಕಾಯದೆ ನುಗ್ಗುವ ಹಾಗೆ ಮಾಡಿಬಿಡು ಎಂದರು ನಮ್ಮ ಮೇಲಿನವರು. ನಾನು ಒಪ್ಪಲಿಲ್ಲ. ಹೊಸದು ನುಗ್ಗಿದೊಡನೆ ಹಳೆಯ ಸಂಗ್ರಹವನ್ನು ಅಳಿಸುತ್ತದೆ. ತೆರೆದಿರುವ ಹಳೆಯ ಪುಟ ತನಗೆ ಬೇಕಾದ ಫೈಲ್ ಸಿಗದೆ ಕೆಟ್ಟು ನಿಲ್ಲಬಹುದು. ನಡುವೆ ರೀಲೋಡ್ ಆದರೆ ಅರ್ಧ ಬರೆದದ್ದೂ ಹೋಗುತ್ತದೆ.

ಹೀಗೆ ಮಾಡಿದೆ. ಹೊಸದು ಕಾಯುತ್ತಿದ್ದರೆ ಪರದೆಯ ಮೇಲ್ಗಡೆ ಒಂದು ಬಣ್ಣದ ಪಟ್ಟಿ ಕಾಣುತ್ತದೆ: ಹೊಸ ಪುಟ ಬಂದಿದೆ, ಮುಟ್ಟಿ. ಮುಟ್ಟಿದರೆ ಅದುವರೆಗೆ ಬರೆದದ್ದು ಮೊದಲು ಫೋನಿನಲ್ಲಿ ಉಳಿಯುತ್ತದೆ, ಆಮೇಲೆ ಹೊಸದಕ್ಕೆ ಅನುಮತಿ ಹೋಗುತ್ತದೆ, ಅದು ಆ್ಯಪನ್ನು ಹಿಡಿತಕ್ಕೆ ತೆಗೆದುಕೊಂಡ ಮೇಲೆ ಪುಟ ಒಂದೇ ಸಲ ರೀಲೋಡ್ ಆಗುತ್ತದೆ. ಜೀಪಿನ ದಿನವನ್ನು ಆ್ಯಪ್ ಈಗ ಮೊದಲು ನೆಟ್‌ನಲ್ಲೇ ಕೇಳುತ್ತದೆ. ಸಿಗದಿದ್ದರೆ ಮಾತ್ರ ಹಳೆಯದು, ಅದೂ ಯಾವ ದಿನ ತಂದದ್ದೆಂಬುದರ ಸಮೇತ. ಹಳೆಯ ಆ್ಯಪಿನಲ್ಲಿ ಈ ಪಟ್ಟಿಯೇ ಇಲ್ಲವಲ್ಲ, ಅದಕ್ಕೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಬರೆದದ್ದನ್ನು ಉಳಿಸಿಕೊಳ್ಳಲು ಹೇಳಿ, ಆ್ಯಪನ್ನು ಒಂದು ಸಲ ಪೂರ್ತಿ ಮುಚ್ಚಿಸಿದೆ.

ಮುಂದಿನ ಸಲ ದಿನ ಬದಲಾದಾಗ ಅಕ್ಕ ಹನೂರಿನ ಬಸ್ ಸ್ಟ್ಯಾಂಡಿನಲ್ಲೇ ಪಟ್ಟಿ ಮುಟ್ಟಿದರು. ಫೋನಿನಲ್ಲಿ ಸರಿಯಾದ ದಿನ ಬಂತು. ಆ ದಿನ ಅವರ ಜೊತೆ ನಾನೂ ಹುಣಸೆ ಮರದ ಹತ್ತಿರ ಹೋದೆ. ಜೀಪ್ ಬಂದು ನಿಂತಿತು. ಮರದಡಿ ಯಾರೂ ಇರಲಿಲ್ಲ.

ಅಂದು ಕಾದು ಹೋಗಿದ್ದ ಬಸುರಿಗೆ ಮನೆಯಲ್ಲೇ ಹೆರಿಗೆಯಾಗಿತ್ತು. ಮಗುವಿಗೆ ಮೈ ಸುಡುತ್ತಿದೆಯಂತೆ. ಕರೆಯಲು ಹೋದ ಅಕ್ಕ ಒಬ್ಬರೇ ಇಳಿದು ಬಂದರು.

"ಜೀಪ್ ಬಂದದೆ ಅಂದ್ರೂ ನಂಬಾಕಿಲ್ಲ ಕಣವ್ವ. ಮನೆ ಬಾಗ್ಲಿಗೇ ಬಂದ್ರೆ ನೋಡನ ಅಂದ್ಳು."

ಜೀಪು ಹತ್ತುವ ದಾರಿಯಲ್ಲ ಅದು. ನರ್ಸಮ್ಮ ಚೀಲ ಹೆಗಲಿಗೇರಿಸಿದರು. ಮೂವರೂ ಬೆಟ್ಟ ಹತ್ತತೊಡಗಿದೆವು.