ಶುಕ್ರವಾರದ ಮುಂಗಡ

ಶಿರಸಿಯ ತಗಡಿನ ಅಂಗಡಿಯಲ್ಲಿ ಕೊಟೇಶನ್ ಮಾಡುವ ಕೆಲಸ ನನ್ನದು. ಮನೆಯ ಮಾಡಿನ, ಅಂದರೆ ಚಾವಣಿಯ, ಅಳತೆ ಬಂದರೆ ಶೀಟು, ಮೂಲೆಪಟ್ಟಿ, ಸ್ಕ್ರೂ, ಸಾಗಾಟ, ಜಿಎಸ್‌ಟಿ ಎಲ್ಲ ಸೇರಿಸಿ ಹಾಳೆ ಕಳಿಸುತ್ತೇನೆ. ಹಾಳೆಯ ಕೊನೆಗೆ ಎರಡು ಸಾಲು ತಪ್ಪದೇ ಇರುತ್ತವೆ. ಈ ದರ ಇಂಥ ತಾರೀಖಿನ ಸಂಜೆಯವರೆಗೆ ಮಾತ್ರ. ಮೂವತ್ತು ಪ್ರತಿಶತ ಮುಂಗಡ ಅಷ್ಟರೊಳಗೆ ಖಾತೆಗೆ ಜಮಾ ಆದರೆ ಮಾತ್ರ ಆರ್ಡರ್ ಖಾಯಂ. ಇವನ್ನು ದಪ್ಪ ಅಕ್ಷರದಲ್ಲಿ ಹಾಕಿದರೂ ಓದುವವರಿಲ್ಲ. ಎಲ್ಲರಿಗೂ ಕಣ್ಣು ಹೋಗುವುದು ಒಟ್ಟು ಮೊತ್ತದ ಮೇಲೆ. ಇದಕ್ಕಾಗಿ ನಾನು ಎಷ್ಟು ಜನರ ಹತ್ತಿರ ಜಗಳ ಮಾಡಿದ್ದೇನೋ ಲೆಕ್ಕವಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಸಿದ್ದಾಪುರದ ಹತ್ತಿರದ ಕೋಲಸಿರ್ಸಿಯಿಂದ ಒಂದು ಮಹಿಳಾ ಸಂಘದವರು ಬಂದಿದ್ದರು. ಹಪ್ಪಳ, ಹಲಸಿನ ಚಿಪ್ಸು ಮಾಡಿ ಮಾರುವ ಸಂಘ. ಅವರದೇ ಒಂದು ಕಟ್ಟಡ ಏಳುತ್ತಿತ್ತು. ಗೋಡೆ ಆಗಿತ್ತು, ಮಾಡು ಬಾಕಿ. ಬ್ಯಾಂಕಿನ ಸಾಲ ಮತ್ತು ತಮ್ಮ ಉಳಿತಾಯವನ್ನು ಎಳೆದು ಎಳೆದು ಹೊಂದಿಸಿದ್ದರು. ನನ್ನ ದರಕ್ಕಿಂತ ಸ್ವಲ್ಪ ಏರಿದರೂ ಹಪ್ಪಳ ಒಣಗಿಸುವ ಬದಿಯ ಶೆಡ್ಡನ್ನು ಕೈಬಿಡಬೇಕಿತ್ತು. ಅದಿಲ್ಲದಿದ್ದರೆ ಮಳೆಗಾಲದಲ್ಲಿ ಕೆಲಸವೇ ಇಲ್ಲ. ಅಧ್ಯಕ್ಷೆ ಇದನ್ನು ನನ್ನೆದುರು ಕೂತು ಹೇಳಿದರು. ಅಂಗಡಿಯ ಯಜಮಾನರನ್ನು ಕಾಡಿಬೇಡಿ ಸಾಗಾಟದಲ್ಲಿ ಒಂದಿಷ್ಟು ಕಡಿಮೆ ಮಾಡಿಸಿ, ಶುಕ್ರವಾರದವರೆಗೆ ದರ ಹಿಡಿದು ಕೊಟ್ಟೆ.

ಬುಧವಾರ ಸಂಜೆ ಅವರ ಸಭೆಯ ಠರಾವಿನ ಫೋಟೊ ಬಂತು. ಕೊಟೇಶನ್ ಒಪ್ಪಿದ್ದೇವೆ ಎಂದು ಎಲ್ಲರ ಸಹಿ. ನನಗೆ ಕುಣಿಯುವಷ್ಟು ಸಂತೋಷ. ಗುರುವಾರ ಬ್ಯಾಂಕಿಗೆ ರಜೆ. ಶುಕ್ರವಾರ ಬೆಳಿಗ್ಗೆ ಶೀಟು ತಯಾರಿಸುವ ಕಂಪನಿಯಿಂದ ಸುತ್ತೋಲೆ ಬಂತು: ಮರುದಿನದಿಂದ ಹೊಸ ದರ, ಇವತ್ತು ಸಂಜೆಯೊಳಗೆ ಬಂದ ಆರ್ಡರಿಗೆ ಮಾತ್ರ ಹಳೆಯದು. ನಾನು ಅಧ್ಯಕ್ಷೆಗೆ ಫೋನ್ ಹಚ್ಚಿ, ಮುಂಗಡ ಹೊರಟಿತೇ ಎಂದು ಕೇಳಿದೆ.

"ಇವತ್ತು ಎಂತ ಮಾಡಿದ್ರೂ ಆಗ್ತಿಲ್ಲೆ ತಂಗಿ," ಅಂದರು ಅವರು. "ಶುಕ್ರವಾರ, ಅದರ ಮೇಲೆ ಅಮಾಸೆ ಬೇರೆ. ಮನೆಯಿಂದ ಲಕ್ಷ್ಮಿನ ಹೊರಗೆ ಕಳ್ಸದು ಹ್ಯಾಂಗೆ? ಠರಾವು ಮಾಡಿ ಆತಲೆ. ಸೋಮವಾರ ಆನೇ ಬ್ಯಾಂಕಿಗೆ ಹೋಗ್ತೆ."

ಸೋಮವಾರ ತಾವೇ ಬ್ಯಾಂಕಿಗೆ ಹೋಗುತ್ತಾರಂತೆ. ಒಪ್ಪಿಗೆ ಕೊಟ್ಟಾಯಿತು, ಇನ್ನು ದರ ಎಲ್ಲಿಗೆ ಹೋಗುತ್ತದೆ ಎಂಬುದು ಅವರ ಧೈರ್ಯ. ನಮ್ಮೂರ ಕಡೆ ಬಾಯಿಮಾತಿಗೂ ಅಷ್ಟು ಬೆಲೆ, ಸಹಿ ಹಾಕಿದರಂತೂ ಕೇಳುವುದೇ ಬೇಡ. ನನಗೆ ಸಿಟ್ಟು ನೆತ್ತಿಗೇರಿತು.

"ಅಕ್ಕ, ಠರಾವು ಕಂಪನಿಗೆ ಕಾಣುವುದಿಲ್ಲ! ಸಂಜೆಯೊಳಗೆ ದುಡ್ಡು ಜಮಾ ಆಗದಿದ್ದರೆ ಸೋಮವಾರ ಬೇರೆ ದರ. ಶೆಡ್ಡು ಹೋಯಿತು ಅಂತಲೇ ತಿಳಿಯಿರಿ," ಎಂದು ಕೂಗಿದೆ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು.

ಫೋನು ಹಿಡಿದುಕೊಂಡೇ ಯಜಮಾನರ ಕಡೆ ತಿರುಗಿ, ಒಂದೆರಡು ದಿನ ದರದ ಅವಧಿ ಹಿಗ್ಗಿಸಿ ಎಂದು ಕೇಳಿದೆ. ಅವರು ಬನವಾಸಿ ಕಡೆಯವರು, ನನ್ನನ್ನೂ ಅಕ್ಕಾರ ಎನ್ನುವವರು, ಮೃದುವಾಗಿಯೇ ಕೈ ಎತ್ತಿಬಿಡುವವರು.

"ನೋಡ್ರಿ ಅಕ್ಕಾರ, ನಾ ಹಿಗ್ಗಸಬೋದು, ಕಂಪನಿ ಹಿಗ್ಗಸೂದಿಲ್ಲ. ಅಡ್ವಾನ್ಸ್ ಇಲ್ದ ಅಳತೆ ಮಾಲು ಕತ್ತರಿಸಾಕ ಹೇಳಿ, ನಾಳೆ ಅವ್ರು ಬ್ಯಾಡ ಅಂದ್ರ ಆ ಶೀಟು ಯಾರ ತಗೋತಾರ್ರಿ? ರೊಕ್ಕ ಬರೂತನಕ ಅದು ಆರ್ಡರ್ ಅಲ್ಲ."

ಅವರು ಹೇಳಿದ್ದು ಸರಿಯೇ. ಒಬ್ಬರ ಮನೆಯ ಅಳತೆಗೆ ಕತ್ತರಿಸಿದ ಶೀಟು ಇನ್ನೊಬ್ಬರ ಮನೆಗೆ ಕೂರುವುದಿಲ್ಲ. ಸರಿ ಅಂತ ಗೊತ್ತಿದ್ದುದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಫೋನಿನ ಆಚೆಗೆ ಹೆಂಗಸರ ಗುಜುಗುಜು ಕೇಳುತ್ತಿತ್ತು. ಸಂಘದವರೆಲ್ಲ ಅಲ್ಲೇ ಹಪ್ಪಳ ಲಟ್ಟಿಸುತ್ತಿದ್ದರಂತೆ. "ಶೆಡ್ಡು ಹೋಗ್ತಡ," ಎಂದು ಅಧ್ಯಕ್ಷೆ ಯಾರಿಗೋ ಹೇಳಿದ್ದು ಕೇಳಿಸಿತು. ಅಷ್ಟು ಹೇಳಿಯೂ ಆಕೆ ಮಾತು ಬದಲಿಸಲಿಲ್ಲ. ಮದುವೆಯಾಗಿ ಬಂದಾಗಿನಿಂದ ಶುಕ್ರವಾರ ಕೈಯಿಂದ ದುಡ್ಡು ಬಿಟ್ಟವರಲ್ಲ. ಆ ನಂಬಿಕೆಯನ್ನು ಮುರಿಯುವುದಕ್ಕೆ ನಾನು ಯಾರು?

ಆಗ ಹೊಳೆಯಿತು. "ಅಕ್ಕ, ನಿಮ್ಮ ಖಾತೆಗೆ ಯಾರ್ಯಾರ ಸಹಿ ಬೇಕು?"

"ಎಂಗಳ ಮೂರು ಜನದಲ್ಲಿ ಇಬ್ಬರದ್ದು. ಆನು, ಕಾರ್ಯದರ್ಶಿ, ಖಜಾಂಚಿ."

ಕಾರ್ಯದರ್ಶಿ ಬುಧವಾರವೇ ಚೆಕ್ಕಿಗೆ ಸಹಿ ಹಾಕಿಟ್ಟಿದ್ದಳಂತೆ. ಇನ್ನೊಂದು ಸಹಿ ಸಾಕು. ನಾನು ಕೇಳುವ ಮೊದಲೇ ಇನ್ನೊಂದು ದನಿ ಫೋನಿಗೆ ಬಂತು. ಆಕೆಯೇ ಖಜಾಂಚಿ, ಸಿದ್ದಾಪುರದಲ್ಲಿ ಟೆಂಪೊ ಓಡಿಸುವ ಮುಸ್ಲಿಂ ಮನೆಯ ಸೊಸೆ.

"ಮೇಡಂ, ನಮ್ಗೆ ಜುಮ್ಮಾ, ಶುಕ್ರವಾರ ಅಂದ್ರೆ ಎಲ್ಲಾಕ್ಕಿಂತ ಒಳ್ಳೇ ದಿನ. ಸಹಿ ನಾನು ಹಾಕ್ತೇನೆ, ಬ್ಯಾಂಕಿಗೂ ನಾನೇ ಹೋಗ್ತೇನೆ. ಅಕ್ಕ ಮುಟ್ಟೋದೇ ಬೇಡ."

ಆಮೇಲೆ ಅಧ್ಯಕ್ಷೆಯ ದನಿ: "ಆನು ಹಿಂದೆ ತಿರ್ಗಿ ಕೂರ್ತೆ. ನೀ ಚೆಕ್ಕು ತಗಂಡು ಹೋಗು ಮಾರಾಯ್ತಿ, ಬೇಗ ಹೋಗು!" ಹೆಂಗಸರೆಲ್ಲ ಹೋ ಎಂದು ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನ ಬ್ಯಾಂಕಿನ ಮುದ್ರೆ ಬಿದ್ದ ಆರ್‌ಟಿಜಿಎಸ್ ಚೀಟಿಯ ಫೋಟೊ ಬಂತು. ಫೋಟೊ ನೋಡಿ ಆರ್ಡರ್ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ಖಾತೆಗೆ ಬಿದ್ದದ್ದು ಕಣ್ಣಿಗೆ ಕಾಣಬೇಕು. ಊಟದ ಡಬ್ಬಿ ಬಿಚ್ಚದೇ ಪರದೆ ನೋಡುತ್ತಾ ಕೂತೆ. ಕೊನೆಗೂ ಬಂತು, ಒಂದು ಪೈಸೆ ಹೆಚ್ಚುಕಡಿಮೆ ಇಲ್ಲದೆ.

ಕಂಪ್ಯೂಟರಿನಲ್ಲಿ ಅವರ ಕೊಟೇಶನ್ ತೆರೆದೆ. ಅವಧಿ ಮೀರಿದ ಕೊಟೇಶನ್ ಕೆಂಪಾಗಿ ನಿಂತು ಹೊಸ ದರ ಕೇಳುತ್ತದೆ. ಅದಿನ್ನೂ ಹಸಿರಾಗಿತ್ತು. ಅಳತೆ, ಬಣ್ಣ, ದಪ್ಪ ಎಲ್ಲವನ್ನೂ ಠರಾವಿನ ಜೊತೆ ಇನ್ನೊಮ್ಮೆ ತಾಳೆ ನೋಡಿದೆ. ಸೇಲ್ಸ್ ಆರ್ಡರ್ ಮಾಡು ಎಂಬಲ್ಲಿ ಒತ್ತಿದೆ. ಹಳೆಯ ದರವೇ ಆರ್ಡರಿಗೂ ಬಂತು. ಮುಂಗಡದ ರಸೀದಿ ಮಾಡಿ ಅದೇ ಆರ್ಡರ್ ನಂಬರಿಗೆ ಜೋಡಿಸಿದೆ. ಬಾಕಿ ಹಣ ಮಾಲು ಹೊರಡುವ ಮೊದಲು ಎಂದು ಬರೆದು ಮುದ್ರಿಸಿ ಯಜಮಾನರ ಮೇಜಿನ ಮೇಲೆ ಪಟ್ಟನೆ ಇಟ್ಟೆ.

ಅವರು ಓದಿ, ಕನ್ನಡಕ ತೆಗೆದು, "ಈಗಾತ್ರಿ ಆರ್ಡರ್," ಎಂದು ಅಲ್ಲೇ ಕಂಪನಿಗೆ ಮೇಲ್ ಕಳಿಸಿದರು. ಸಂಜೆಯೊಳಗೆ ಕಂಪನಿಯ ಒಪ್ಪಿಗೆಯೂ ಬಂತು. ನಾನು ಗೆದ್ದಿದ್ದೆ! ಹಳಸಿದ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿ, ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಯಲ್ಲಾಪುರದಿಂದ ಒಬ್ಬ ಲಾಡ್ಜಿನ ಮಾಲೀಕರು ಅದೇ ಶುಕ್ರವಾರದವರೆಗಿನ ಕೊಟೇಶನ್ ಹಿಡಿದು ಬಂದರು. ಅವರಿಗೆ ಕೆಂಪು ಪರದೆ ತೋರಿಸಿದೆ. "ಎರಡೇ ದಿನಕ್ಕೆ ಹೀಗಾ?" ಎಂದು ಅವರು ಬಾಯಿ ಬಿಟ್ಟರು. ಅವರಿಗೆ ಹೊಸ ಹಾಳೆ ಮಾಡಿಕೊಡುತ್ತಿರುವಾಗಲೇ ಕೋಲಸಿರ್ಸಿಯ ಅಧ್ಯಕ್ಷೆಯ ಫೋನು ಬಂತು.

"ತಂಗಿ, ಆನಂತೂ ಶುಕ್ರವಾರ ಒಂದು ರೂಪಾಯಿ ಕೊಟ್ಟಿದ್ದಿಲ್ಲೆ. ನೆನಪಿದ್ದಲೆ?"

"ಇದೆ ಅಕ್ಕ."

"ಮಾಡು ಬತ್ತಾ?"

"ಪೂರಾ ಬರ್ತದೆ. ಶೆಡ್ಡಿನದ್ದೂ ಸೇರಿ, ಹಳೇ ದರಕ್ಕೇ."

ಆಚೆ ಒಂದು ನಿಟ್ಟುಸಿರು. ಆಮೇಲೆ ಅವರು ಫೋನು ಹಿಡಿದುಕೊಂಡೇ ಒಳಗಿನವರಿಗೆ ಕೂಗಿ ಹೇಳಿದರು: "ಕೇಳಿ ಎಲ್ಲ! ಲಕ್ಷ್ಮಿ ಎಂಗಳ ಹತ್ರಾನೇ ಇದ್ದು, ಖಜಾಂಚಿ ಪಕ್ಕದಲ್ಲಿ ಕೂತಿದ್ದು!"