ಮುಚ್ಚಳ ಕಂಪನಿಯ ಮಾಲೀಕರಿಗೆ ಹೋದ ಮೇಲ್

ಶಾಂಪೂ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಅವಳು ಎಲ್ಲರಿಗೂ ಅಕ್ಕ. ಬಾಟಲಿಯ ಮುಚ್ಚಳಗಳು ಮೂರನೇ ಸಲವೂ ತಡವಾಗಿದ್ದವು. ಪೂರೈಸುವ ಕಂಪನಿಯ ಸೇಲ್ಸ್‌ನವನು ಎಂದಿನಂತೆ ಫೋನಿನಲ್ಲಿ ಬೆಣ್ಣೆ ಹಚ್ಚಿದ.

"ಗಾಡಿ ಹೊರಟಿದೆ ಮೇಡಂ."

"ಹೋದ ವಾರವೂ ಹೊರಟಿತ್ತಲ್ಲಪ್ಪ, ತೀರ್ಥಯಾತ್ರೆಗೆ ಹೋಗಿತ್ತಾ?" ಎಂದು ಅವಳು ಫೋನಿಟ್ಟಳು.

ಅವಳ ಮ್ಯಾನೇಜರ್ ಮೀಸೆ ತಿರುವಿದ. "ಉಗಿದು ಮೇಲ್ ಬರಿಯಮ್ಮ. ಬೇರೆಯವರ ಹತ್ರ ಹೋಗ್ತೀವಿ ಅಂತ ಹೆದರಿಸು."

ಬಾಯಲ್ಲೇ ಕೋಟೆ ಕಟ್ಟುವ ಆಸಾಮಿ. ತಮ್ಮ ಕಾರ್ಖಾನೆ ದುಡ್ಡು ಕೊಟ್ಟು ಮಾಡಿಸಿದ ಮುಚ್ಚಳದ ಅಚ್ಚು ಆ ಕಂಪನಿಯ ಶೆಡ್ಡಿನಲ್ಲೇ ಇದೆ, ಹೊಸದಕ್ಕೆ ತಿಂಗಳುಗಟ್ಟಲೆ ಬೇಕು ಎಂಬುದು ಆತನ ತಲೆಗೆ ಹೊಳೆದಿರಲಿಲ್ಲ. ಉತ್ಪಾದನೆ ನಿಂತರೆ ಕೆಲಸ ಹೋಗುವುದು ಆತನದಲ್ಲ, ಅವಳದು.

ಅವಳು ಬೈಗುಳಗಳನ್ನೆಲ್ಲ ನುಂಗಿಕೊಂಡು ನೇರ ಆ ಕಂಪನಿಯ ಮಾಲೀಕರಿಗೇ ಮೇಲ್ ಬರೆದಳು. ಸೇಲ್ಸ್‌ನವನಿಗೂ ಅದರ ಪ್ರತಿ ಕಳಿಸಿದಳು. ಪ್ರತಿ ಆರ್ಡರಿಗೂ ಮಾತು ಕೊಟ್ಟ ದಿನ, ಮಾಲು ಬಂದ ದಿನ ಅಕ್ಕಪಕ್ಕ ಇಟ್ಟಳು. ತಯಾರಾದಷ್ಟನ್ನು ಮೊದಲು ಕಳಿಸಿ, ಉಳಿದದ್ದಕ್ಕೆ ನಿಜವಾದ ದಿನಾಂಕವನ್ನು ನಾಳೆಯೊಳಗೆ ತಿಳಿಸಿ ಎಂದಳು. "ನಿಮ್ಮ ಮುಚ್ಚಳದ ಗುಣಮಟ್ಟದ ಬಗ್ಗೆ ನಮಗೆ ದೂರಿಲ್ಲ. ನಿಮ್ಮ ಜೊತೆಗೇ ಮುಂದುವರಿಯುವ ಇಚ್ಛೆ ಇದೆ" ಎಂದು ಮುಗಿಸಿದಳು.

ಸಂಜೆಗೆ ಮಾಲೀಕರೇ ಫೋನ್ ಮಾಡಿದರು. "ಅಚ್ಚು ರಿಪೇರಿಗೆ ಹೋಗಿತ್ತಮ್ಮ. ನಮ್ಮ ಹುಡುಗ ಹೇಳಲಿಲ್ವಾ? ಅರ್ಧ ಮಾಲು ನಾಳೆ ಬೆಳಗ್ಗೆ ಕಳಿಸ್ತೀನಿ, ಉಳಿದದ್ದು ಶುಕ್ರವಾರ."

ಅರ್ಧ ಸಿಕ್ಕರೂ ಉತ್ಪಾದನೆ ನಿಲ್ಲುವುದಿಲ್ಲ. ಅವಳು ಉಸಿರು ಬಿಟ್ಟಳು.

ಅದರ ಹಿಂದೆಯೇ ಫೋನಿನಲ್ಲಿ ಸೇಲ್ಸ್‌ನವನ ಅಳುದನಿ ಬಂತು. "ನನಗೇ ಹೇಳಬಹುದಿತ್ತಲ್ಲ ಮೇಡಂ."

"ನಿಮಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ. ಗೋಡೆಯಾದ್ರೆ ಸುಳ್ಳು ಹೇಳಲ್ಲ," ಎಂದಳು ಅವಳು, ಮೇಲ್‌ನಲ್ಲಿ ಬರೆಯದ ಮಾತನ್ನು.